ನಡೆಯಲೇಬೇಕಾದ ರಾಜ

ಚದುರಂಗದಲ್ಲಿ ಸರದಿ ಬಂದಾಗ ಸುಮ್ಮನೆ ಕೂರುವಂತಿಲ್ಲ. ಕಾಯಿಗಳೆಲ್ಲ ಇದ್ದಲ್ಲೇ ಚೆನ್ನಾಗಿವೆ, ಈ ಸಲ ನೀನೇ ಆಡು ಎಂದು ಎದುರಾಳಿಗೆ ಹೇಳಲು ನಿಯಮ ಬಿಡುವುದಿಲ್ಲ. ಆಟದ ಆರಂಭದಲ್ಲಿ ಇದು ಯಾರಿಗೂ ಹೊರೆ ಅನಿಸದು. ಆಡಲು ಹತ್ತಾರು ನಡೆಗಳಿರುತ್ತವೆ, ಒಂದು ನಡೆ ಹೆಚ್ಚು ಸಿಕ್ಕರೆ ಲಾಭವೇ. ಆದರೆ ಕಾಯಿಗಳು ಕರಗಿ ಬರೀ ರಾಜರೂ ನಾಲ್ಕು ಕಾಲಾಳುಗಳೂ ಉಳಿದಾಗ ಲೆಕ್ಕ ತಿರುಗಿಬೀಳುತ್ತದೆ. ಸರದಿ ಬಂದದ್ದೇ ಸೋಲಿಗೆ ಕಾರಣವಾಗುವ ಸ್ಥಿತಿಗಳು ಅಲ್ಲಿ ಹುಟ್ಟುತ್ತವೆ. ಇದಕ್ಕೆ ಜರ್ಮನರು ಇಟ್ಟ ಹೆಸರು ಜುಗ್‌ಜ್ವಾಂಗ್. ‘ಜುಗ್’ ಎಂದರೆ ನಡೆ, ‘ಜ್ವಾಂಗ್’ ಎಂದರೆ ಬಲವಂತ. ಈಗ ಎಲ್ಲ ಭಾಷೆಯ ಆಟಗಾರರೂ ಇದೇ ಪದ ಬಳಸುತ್ತಾರೆ.

ಮೂರೇ ಕಾಯಿ ಇಟ್ಟು ನೋಡೋಣ. ಬಿಳಿ ರಾಜ ಇ6ರಲ್ಲಿ, ಅವನ ಕಾಲಾಳು ಪಕ್ಕದ ಡಿ6ರಲ್ಲಿ, ಕಪ್ಪು ರಾಜ ಇ8ರಲ್ಲಿ. ಬಿಳಿಯ ಕಾಲಾಳು ಎಂಟನೇ ಸಾಲು ಮುಟ್ಟಿ ರಾಣಿಯಾದರೆ ಗೆಲುವು, ತಡೆದರೆ ಡ್ರಾ.

ಈಗ ಸರದಿ ಬಿಳಿಯದು ಎಂದುಕೊಳ್ಳಿ. ಕಾಲಾಳು ಡಿ7ಕ್ಕೆ ಹೋಗಿ ಚೆಕ್ ಕೊಡುತ್ತದೆ. ಕಪ್ಪು ರಾಜ ಡಿ8ಕ್ಕೆ ಸರಿದು ಅದರ ಮುಂದೆ ನಿಲ್ಲುತ್ತಾನೆ. ಬಿಳಿ ರಾಜ ಕಾಲಾಳನ್ನು ಕಾಯಲು ಡಿ6ಕ್ಕೆ ಬಂದರೆ ಕಪ್ಪಿಗೆ ಕಾಲಿಡಲು ಒಂದು ಮನೆಯೂ ಉಳಿಯುವುದಿಲ್ಲ, ಚೆಕ್ ಕೂಡ ಇಲ್ಲ. ಅದು ಸ್ಟೇಲ್‌ಮೇಟ್, ಡ್ರಾ. ಕಾಲಾಳನ್ನು ಬಿಟ್ಟು ರಾಜನನ್ನೇ ಆಡಿಸಿದರೆ ಕಪ್ಪು ರಾಜ ಡಿ7ಕ್ಕೆ ಬಂದು ದಾರಿಗೆ ಅಡ್ಡ ನಿಲ್ಲುತ್ತಾನೆ. ಸರಿಯಾಗಿ ಆಡಿದರೆ ಆಗಲೂ ಡ್ರಾ.

ಅದೇ ಕಾಯಿಗಳು, ಅವೇ ಮನೆಗಳು, ಸರದಿ ಮಾತ್ರ ಕಪ್ಪಿನದು. ಕಪ್ಪು ರಾಜನಿಗೆ ಇರುವುದು ಡಿ8 ಮತ್ತು ಎಫ್8 ಎರಡೇ ಮನೆ. ಎಫ್8ಕ್ಕೆ ಹೋದರೆ ಕಾಲಾಳು ನೇರ ಓಡಿ ರಾಣಿಯಾಗುತ್ತದೆ. ಡಿ8ಕ್ಕೆ ಹೋದರೆ ಕಾಲಾಳು ಡಿ7ಕ್ಕೆ ಬರುತ್ತದೆ. ಈ ಸಲ ಚೆಕ್ ಕೊಡದೆ ಬರುತ್ತದೆ, ಗಮನಿಸಬೇಕಾದದ್ದು ಅದೇ. ಕಪ್ಪು ರಾಜನಿಗೆ ಉಳಿದ ಒಂದೇ ಮನೆ ಸಿ7. ಅವನು ಅಲ್ಲಿಗೆ ಹೋದೊಡನೆ ಬಿಳಿ ರಾಜ ಇ7ಕ್ಕೆ ನುಗ್ಗುತ್ತಾನೆ, ಮುಂದಿನ ನಡೆಗೆ ರಾಣಿ. ಕಾಲಾಳು ಏಳನೇ ಸಾಲಿಗೆ ಚೆಕ್ ಕೊಡುತ್ತಾ ಬಂದರೆ ಡ್ರಾ, ಸದ್ದಿಲ್ಲದೆ ಬಂದರೆ ಗೆಲುವು ಎಂದು ಹಳೆಯ ಆಟಗಾರರು ನೆನಪಿಟ್ಟುಕೊಳ್ಳುವುದು ಇದನ್ನೇ.

ಇಷ್ಟಾದ ಮೇಲೆ ಯಾರಿಗಾದರೂ ಏಳುವ ಪ್ರಶ್ನೆ: ಸ್ಥಿತಿ ಸರಿಯಿದೆ, ಸರದಿ ಮಾತ್ರ ತಪ್ಪಿದೆ ಎಂದಾದರೆ ಸರದಿಯನ್ನು ಎದುರಾಳಿಯ ಕೈಗೆ ದಾಟಿಸಲು ಆಗುತ್ತದೆಯೇ? ಆಗುತ್ತದೆ. ಎಂಡ್‌ಗೇಮ್‌ನಲ್ಲಿ ನನಗೆ ಎಲ್ಲಕ್ಕಿಂತ ಚೆಂದ ಕಾಣುವ ಕೌಶಲ ಅದು. ಇದಕ್ಕೆ ಪಠ್ಯಗಳು ಮತ್ತೆ ಮತ್ತೆ ಕೊಡುವ ಉದಾಹರಣೆ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹಾನ್ಸ್ ಫಾರ್ನಿ ಮತ್ತು ಸೈಮನ್ ಅಲಾಪಿನ್ ಆಡಿದ ಆಟದ್ದು.

ಬಿಳಿ ರಾಜ ಡಿ5ರಲ್ಲಿ, ಕಾಲಾಳುಗಳು ಎ5 ಮತ್ತು ಸಿ6ರಲ್ಲಿ. ಕಪ್ಪು ರಾಜ ಸಿ8ರಲ್ಲಿ, ಅವನ ಒಂದೇ ಕಾಲಾಳು ಎ6ರಲ್ಲಿ. ಎ ಸಾಲಿನ ಎರಡು ಕಾಲಾಳುಗಳು ಮುಖಾಮುಖಿ ನಿಂತಿರುವುದರಿಂದ ಎರಡೂ ಅಲ್ಲಾಡವು. ಸಿ6ರ ಕಾಲಾಳು ಮುಂದಕ್ಕೆ ಹೋಗಬಲ್ಲದು, ಆದರೆ ಅವಸರಪಟ್ಟರೆ ಕೈತಪ್ಪುತ್ತದೆ. ಹಾಗಾಗಿ ಆಟವೆಲ್ಲ ಇಬ್ಬರು ರಾಜರ ಹೆಜ್ಜೆಗಳಲ್ಲೇ ಇದೆ.

ಸರದಿ ಬಿಳಿಯದು. ರಾಜ ನೇರವಾಗಿ ಡಿ6ಕ್ಕೆ ಹೋದರೆ ಕಪ್ಪು ರಾಜ ಡಿ8ಕ್ಕೆ ಬಂದು ಎದುರು ನಿಲ್ಲುತ್ತಾನೆ. ಆಮೇಲೆ ಕಾಲಾಳು ಸಿ7ಕ್ಕೆ ಬಂದರೆ ಅದು ಚೆಕ್. ಕಪ್ಪು ರಾಜ ಸಿ8ಕ್ಕೆ ಹೋಗುತ್ತಾನೆ, ಬಿಳಿ ರಾಜ ಸಿ6ಕ್ಕೆ ಬಂದರೆ ಸ್ಟೇಲ್‌ಮೇಟ್. ಮೂರು ಕಾಯಿಯ ಆಟದಲ್ಲಿ ನೋಡಿದ್ದೇ ಇಲ್ಲೂ ನಡೆಯುತ್ತದೆ. ಬಿಳಿ ರಾಜ ಸಿ5ಕ್ಕೆ ಹೋದರೆ ಕಪ್ಪು ರಾಜ ಸಿ7ಕ್ಕೆ ಬಂದು ತಡೆಯುತ್ತಾನೆ. ಮುನ್ನುಗ್ಗಲು ದಾರಿಯಿಲ್ಲ.

ಇದೇ ಸ್ಥಿತಿಯಲ್ಲಿ ಸರದಿ ಕಪ್ಪಿನದಾಗಿದ್ದರೆ? ರಾಜ ಬಿ8ಕ್ಕೋ ಡಿ8ಕ್ಕೋ ಸರಿದರೆ ಬಿಳಿ ರಾಜ ಡಿ6ಕ್ಕೆ ಬರುತ್ತಾನೆ. ಕಪ್ಪು ಸಿ8ಕ್ಕೆ ಮರಳಿದಾಗ ಕಾಲಾಳು ಚೆಕ್ ಇಲ್ಲದೆ ಸಿ7ಕ್ಕೆ ಇಳಿಯುತ್ತದೆ, ಕಪ್ಪು ರಾಜ ಬಿ7ಕ್ಕೆ ಹೋಗಲೇಬೇಕು, ಬಿಳಿ ರಾಜ ಡಿ7ಕ್ಕೆ ಬಂದರೆ ರಾಣಿ ಖಚಿತ. ಕಪ್ಪು ಸಿ7ಕ್ಕೆ ಹೋದರೆ ಬಿಳಿ ರಾಜ ಸಿ5ಕ್ಕೆ ಬರುತ್ತಾನೆ. ಆಗ ಕಪ್ಪು ಹಿಂದೆ ಸರಿಯದೆ ಗತಿಯಿಲ್ಲ, ಬಿಳಿ ರಾಜ ಬಿ6 ಹೊಕ್ಕು ಎ6ರ ಕಾಲಾಳನ್ನು ತಿನ್ನುತ್ತಾನೆ. ಅಂದರೆ ಬಿಳಿಗೆ ಬೇಕಿರುವುದು ಒಂದೇ ಒಂದು ನಡೆ ಕಳೆಯುವುದು.

ಬಿಳಿ ರಾಜ ಹಿಂದಕ್ಕೆ, ಸಿ4ಕ್ಕೆ ಹೋಗುತ್ತಾನೆ. ಹಿಂದೆ ಸರಿಯುವುದು ಹೊಸಬರಿಗೆ ಹೊಳೆಯುವುದೇ ಇಲ್ಲ, ಗೆಲುವು ಇರುವುದು ಮಾತ್ರ ಅಲ್ಲಿಯೇ. ಕಪ್ಪು ಡಿ8ಕ್ಕೆ ಹೋಗುತ್ತಾನೆ. ಬಿಳಿ ಡಿ4ಕ್ಕೆ. ಕಪ್ಪು ಮತ್ತೆ ಸಿ8ಕ್ಕೆ. ಬಿಳಿ ಡಿ5ಕ್ಕೆ. ಹಲಗೆಯ ಮೇಲೆ ಈಗ ಮೊದಲಿದ್ದ ಸ್ಥಿತಿಯೇ ಇದೆ, ಸರದಿ ಮಾತ್ರ ಕಪ್ಪಿನದು.

ಬಿಳಿ ರಾಜ ಡಿ5ರಿಂದ ಹೊರಟು ಸಿ4, ಡಿ4 ಮುಟ್ಟಿ ಮೂರು ನಡೆಯಲ್ಲಿ ಮನೆಗೆ ಮರಳಿದ. ಕಪ್ಪು ರಾಜ ಎರಡು ನಡೆಯಲ್ಲಿ ಹೋಗಿ ಬಂದ. ಈ ತ್ರಿಕೋನದ ತಿರುಗಾಟಕ್ಕೆ ಇಂಗ್ಲಿಷಿನಲ್ಲಿ ಟ್ರಯಾಂಗ್ಯುಲೇಷನ್ ಎನ್ನುತ್ತಾರೆ. ಕಪ್ಪು ರಾಜನೂ ಹಾಗೆ ಸುತ್ತಬಾರದೇಕೆ? ಜಾಗವಿಲ್ಲ. ಸಿ6ರ ಕಾಲಾಳು ಬಿ7 ಮತ್ತು ಡಿ7 ಎರಡನ್ನೂ ಕಾಯುತ್ತಿದೆ. ಅವನ ತ್ರಿಕೋನಕ್ಕೆ ಉಳಿಯುವ ಮೂರನೇ ಮೂಲೆ ಸಿ7. ಬಿಳಿ ರಾಜ ಸಿ4ರಲ್ಲೋ ಡಿ4ರಲ್ಲೋ ಇರುವಾಗ ಕಪ್ಪು ಸಿ7 ಮುಟ್ಟಿದರೆ ಬಿಳಿ ಸಿ5ಕ್ಕೆ ಬಂದು ನಿಲ್ಲುತ್ತಾನೆ, ಆಗಲೂ ಸರದಿ ಕಪ್ಪಿನದೇ.

ಆಡುವಾಗ ಇಂಥ ಸ್ಥಿತಿ ಹತ್ತಿರ ಬಂದಿದೆ ಎಂದು ತಿಳಿಯಲು ಒಂದು ದಾರಿಯಿದೆ. ರಾಜನನ್ನು ಮುಟ್ಟದೆ ಆಡಬಹುದಾದ ನಡೆಗಳು ಯಾರ ಬಳಿ ಎಷ್ಟು ಉಳಿದಿವೆ ಎಂದು ಎಣಿಸಬೇಕು. ಮೊದಲ ಮನೆಯಲ್ಲೇ ಕೂತ ಕಾಲಾಳು ಇದಕ್ಕೇ ಬೆಲೆಬಾಳುತ್ತದೆ. ಅದು ಒಂದು ಮನೆಯೂ ಹೋಗಬಹುದು, ಎರಡು ಮನೆಯೂ ಹೋಗಬಹುದು, ಹಾಗಾಗಿ ಸರದಿಯನ್ನು ಯಾರಿಗೆ ಬಿಡಬೇಕು ಎಂಬ ಆಯ್ಕೆ ಕೈಯಲ್ಲಿರುತ್ತದೆ. ಆಟದ ನಡುವೆ ಅದನ್ನು ಸುಮ್ಮನೆ ಒಂದು ಮನೆ ತಳ್ಳಿಬಿಟ್ಟವರು ಮೂವತ್ತು ನಡೆ ಕಳೆದ ಮೇಲೆ ಅದರ ಬೆಲೆ ತೆರುತ್ತಾರೆ.

ಹಲಗೆ ತುಂಬಾ ಕಾಯಿಗಳಿರುವಾಗ ಜುಗ್‌ಜ್ವಾಂಗ್ ಬರುವುದು ತೀರಾ ಅಪರೂಪ. 1923ರಲ್ಲಿ ಕೋಪನ್‌ಹೇಗನ್‌ನಲ್ಲಿ ನಿಮ್ಜೋವಿಚ್ ಕಪ್ಪು ಕಾಯಿಗಳಿಂದ ಸೇಮಿಶ್‌ನನ್ನು ಸೋಲಿಸಿದ ಆಟಕ್ಕೆ ‘ಅಮರ ಜುಗ್‌ಜ್ವಾಂಗ್’ ಎಂಬ ಹೆಸರಿದೆ. 25ನೇ ನಡೆಯಲ್ಲಿ ನಿಮ್ಜೋವಿಚ್ ಎಚ್6ಕ್ಕೆ ಒಂದು ಪುಟ್ಟ ಕಾಲಾಳು ಆಡಿದ, ಸೇಮಿಶ್ ಸೋಲೊಪ್ಪಿದ. ಆದರೆ ಕಪ್ಪಿಗೆ ಅಲ್ಲಿ ನೇರ ಬೆದರಿಕೆಯೂ ಇತ್ತು, ಆದ್ದರಿಂದ ಅದು ಅಪ್ಪಟ ಜುಗ್‌ಜ್ವಾಂಗ್ ಅಲ್ಲ ಎಂಬ ವಾದವಿದೆ. ಆ ವಾದ ನನಗೆ ಸರಿ ಎನಿಸುತ್ತದೆ. ಸರದಿ ಬಿಟ್ಟುಕೊಡಲು ಅವಕಾಶ ಸಿಕ್ಕರೂ ತಪ್ಪದ ಸೋಲು ಸರದಿಯಿಂದ ಬಂದ ಸೋಲಲ್ಲ.

ಅಪ್ಪಟ ಜುಗ್‌ಜ್ವಾಂಗ್ ಅಷ್ಟೇನೂ ವಿರಳವಲ್ಲ. ರಾಜ ಮತ್ತು ಒಂದು ಆನೆ ಸೇರಿ ಒಂಟಿ ರಾಜನನ್ನು ಅಂಚಿಗೆ ತಳ್ಳಿ ಚೆಕ್‌ಮೇಟ್ ಮಾಡುವುದನ್ನು ಮಕ್ಕಳೂ ಕಲಿಯುತ್ತಾರೆ. ಒಂಟಿ ರಾಜನಿಗೆ ‘ಈ ಸಲ ಆಡುವುದಿಲ್ಲ’ ಎನ್ನುವ ಹಕ್ಕಿದ್ದರೆ ಆ ಚೆಕ್‌ಮೇಟ್ ಬಲವಂತವಾಗಿ ಆಗುವುದೇ ಇಲ್ಲ.

ಮನೆಯಲ್ಲಿ ಹಲಗೆಯಿದ್ದರೆ ಫಾರ್ನಿ ಆಟದ ಆ ಐದು ಕಾಯಿಗಳನ್ನು ಜೋಡಿಸಿ, ಕಪ್ಪು ರಾಜನ ಪಕ್ಷ ನೀವೇ ವಹಿಸಿ. ಬಿಳಿ ರಾಜ ಸಿ4ಕ್ಕೆ ಸರಿದ ಮೇಲೆ ಡ್ರಾ ಮಾಡಲು ಒಂದು ಮನೆಯಾದರೂ ಸಿಗುತ್ತದೆಯೇ ಎಂದು ಒಂದೊಂದಾಗಿ ಹುಡುಕಿ ನೋಡಿ.