ವೇದಿಕೆಯ ನಗೆ ಅಚ್ಚಿಗಿಳಿದಾಗ

ಹಾಸ್ಯ ಭಾಷಣವನ್ನು ರೆಕಾರ್ಡ್ ಕೇಳಿ ಇದ್ದಂತೆಯೇ ಬರೆದರೆ ಅದು ಸಪ್ಪೆಯಾಗುತ್ತದೆ. ಮಾತು ಮಾತ್ರ ಹಾಳೆಗೆ ಬರುತ್ತದೆ; ದನಿ, ಮುಖ, ಮೌನ ಸಭಾಂಗಣದಲ್ಲೇ ಉಳಿಯುತ್ತವೆ.

ಒಂದು ಪ್ರಸಂಗ ನೋಡಿ. ವೇದಿಕೆಯ ಮೇಲೆ ಕಲಾವಿದ, "ನಮ್ಮ ಮಾವ ಅಳಿಯನ್ನ ಬರಿಗೈಲಿ ಕಳ್ಸಲ್ಲ" ಎನ್ನುತ್ತಾನೆ. ಇಲ್ಲದ ಬೀರುವಿನ ಬಾಗಿಲು ತೆರೆದು ತಡಕಾಡುತ್ತಾನೆ. ಸಭಿಕರು ಕಾಯುತ್ತಾರೆ. "ತಗೊಳ್ಳಿ ಅಳಿಯಂದ್ರೇ, ಬಸ್ಸಿನ ಟೈಮ್ ಟೇಬಲ್ಲು!"

"ಮಾವ ಬಸ್ಸಿನ ಟೈಮ್ ಟೇಬಲ್ ಕೊಟ್ಟು ಕಳಿಸಿದರು" ಎಂದು ಬರೆದರೆ ಸುದ್ದಿ ತಲುಪುತ್ತದೆ, ನಗು ತಲುಪುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ನಗಿಸುವ ಪದ ನಡುವೆ ಹೂತುಹೋಗುತ್ತದೆ. ವೇದಿಕೆಯಲ್ಲಿ ದನಿ ಅದನ್ನು ಎತ್ತಿ ಹಿಡಿಯುತ್ತದೆ. ಅಚ್ಚಿನಲ್ಲಿ ವಾಕ್ಯವನ್ನೇ ತಿರುಗಿಸಬೇಕು:

"ಹೊರಟು ನಿಂತೆ. ಮಾವ ಬೀರು ತೆರೆದರು. ಸೀರೆಗಳ ಅಡಿಯಲ್ಲಿ ಕೈಯಾಡಿಸಿದರು. ನನ್ನ ಕೈಗಿಟ್ಟದ್ದು ಬಸ್ಸಿನ ಟೈಮ್ ಟೇಬಲ್."

ಅಭಿನಯದ ಮೌನ ಇಲ್ಲಿ ಎರಡು ಪುಟ್ಟ ವಾಕ್ಯಗಳಾಗಿದೆ. ಓದುಗ ಕಾಯುವುದು ಅವುಗಳಲ್ಲಿ. ನಾಲ್ಕು ವಾಕ್ಯವಾದರೆ ಗುಟ್ಟು ಮೊದಲೇ ಹೊಳೆದುಬಿಡುತ್ತದೆ. ಆಶ್ಚರ್ಯಸೂಚಕ ಚಿಹ್ನೆಯೂ ಬೇಡ. ಅದು ನಗಲು ಒತ್ತಾಯಿಸುತ್ತದೆ.

ಆಡುಮಾತನ್ನು ಪೂರ್ತಿ ಗ್ರಾಂಥಿಕಗೊಳಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ. ಕೈಲಾಸಂ ನಾಟಕಗಳನ್ನು ಓದುವಾಗಲೂ ನಗು ಬರುವುದು ಇಂಗ್ಲಿಷ್ ಬೆರೆತ ಆ ಮಾತು ಅಚ್ಚಿನಲ್ಲಿ ಹಾಗೆಯೇ ಉಳಿದಿರುವುದರಿಂದ. ನಿರೂಪಣೆ ಶಿಷ್ಟವಾಗಿರಲಿ, ಪಾತ್ರ ಬಾಯಿಬಿಟ್ಟಾಗ ಮಾತ್ರ ಅದರ ಊರಿನ ಮಾತೇ ಬರಲಿ.

ಮಾಸ್ಟರ್ ಹಿರಣ್ಣಯ್ಯನವರು ಆಯಾ ದಿನದ ರಾಜಕೀಯವನ್ನು ನಾಟಕದ ನಡುವೆ ಸ್ಥಳದಲ್ಲೇ ಸೇರಿಸುತ್ತಿದ್ದರು. ಅಂಥ ಚಟಾಕಿಗೆ ಅಡಿಟಿಪ್ಪಣಿ ಬೇಕಾದರೆ ಅದನ್ನು ಬಿಟ್ಟುಬಿಡುವುದೇ ಲೇಸು.