ಮೊದಲ ಅಂಕಿಯ ಸಾಕ್ಷ್ಯ

ಚಿಲ್ಲರೆಯಿಂದ ಸಾವಿರಾರು ರೂಪಾಯಿಗಳವರೆಗೆ ಹರಡಿರುವ ಸಹಜ ಮೊತ್ತಗಳಲ್ಲಿ ಶೇಕಡಾ 30.1ರಷ್ಟು 1ರಿಂದಲೂ 9.7ರಷ್ಟು 4ರಿಂದಲೂ ಆರಂಭವಾಗುವುವೆಂದು ಬೆನ್‌ಫರ್ಡನ ಕೋಷ್ಟಕ ತಿಳಿಸುತ್ತದೆ. ಲೆಕ್ಕದ ಪುಸ್ತಕದ ಛಾಯಾಚಿತ್ರವೊಂದರಲ್ಲಿ 200 ಮೊತ್ತಗಳಿವೆ ಎಂದಿಟ್ಟುಕೊಳ್ಳೋಣ. 1ರಿಂದ ಆರಂಭವಾಗುವುವು ಸುಮಾರು 60 ಇರಬೇಕು, 52 ಇವೆ. 4ರಿಂದ ಆರಂಭವಾಗುವುವು 19 ಇರಬೇಕು, 34 ಇವೆ. ಈ ವ್ಯತ್ಯಾಸಗಳು ಆಕಸ್ಮಿಕವೇ?

ಒಟ್ಟು ಮೊತ್ತಗಳ ಸಂಖ್ಯೆ, ಆ ಅಂಕಿ ಬರುವ ಪಾಲು, ಬಾರದಿರುವ ಪಾಲು ಈ ಮೂರರ ಗುಣಲಬ್ಧದ ವರ್ಗಮೂಲವೇ ಆಕಸ್ಮಿಕ ಏರಿಳಿತದ ಅಳತೆ. 1ಕ್ಕೆ ಅದು ಸುಮಾರು 6.5, ಆದ್ದರಿಂದ 8ರ ಕೊರತೆ ಸಹಜವಾದುದೇ. 4ಕ್ಕೆ ಅದು 4.2; 15ರ ಹೆಚ್ಚಳವು ಅದರ ಮೂರೂವರೆ ಪಟ್ಟು. ಇದನ್ನು ಆಕಸ್ಮಿಕವೆನ್ನುವುದು ಕಷ್ಟ.

ಆದರೂ ಇದು ವಂಚನೆಯ ರುಜುವಾತಲ್ಲ. ಮಸುಕಾದ ಚಿತ್ರದಲ್ಲಿ 9 ಎಂಬುದನ್ನು 4 ಎಂದು ಓದಿರಬಹುದು. 45 ರೂಪಾಯಿಯ ನಿಗದಿತ ಶುಲ್ಕವೇ ಪದೇ ಪದೇ ಬಂದಿರಬಹುದು. ಮೂಲ ರಸೀದಿಗಳನ್ನು ನೋಡಿಯೇ ತೀರ್ಮಾನಿಸಬೇಕು.