ಪ್ರೊಬೇಷನ್ ಮತ್ತು ಪೆರೋಲ್: ಯಾರಿಗೆ, ಯಾವಾಗ, ಯಾರ ತೀರ್ಮಾನ

ಅಪರಾಧ ಸಾಬೀತಾದ ವ್ಯಕ್ತಿಯನ್ನು ಜೈಲಿಗೆ ಕಳಿಸದೆ, ಕೆಲವು ಷರತ್ತುಗಳ ಮೇಲೆ ಮನೆಯಲ್ಲೇ ಇರಲು ಬಿಡುವುದು ಪ್ರೊಬೇಷನ್. ಈಗಾಗಲೇ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿರುವ ಕೈದಿಯನ್ನು ಒಂದು ನಿರ್ದಿಷ್ಟ ಕಾರಣಕ್ಕಾಗಿ ಕೆಲವು ದಿನ ಹೊರಗೆ ಬಿಟ್ಟು ಮತ್ತೆ ಕರೆಸಿಕೊಳ್ಳುವುದು ಪೆರೋಲ್. ಎರಡರಲ್ಲೂ ಷರತ್ತು, ಮುಚ್ಚಳಿಕೆ, ಜಾಮೀನುದಾರರು ಇರುವುದರಿಂದ ಇವು ಒಂದೇ ಬಗೆಯ ರಿಯಾಯಿತಿಯಂತೆ ಕಾಣುತ್ತವೆ. ಆದರೆ ಪ್ರೊಬೇಷನ್ ಕೊಡುವುದು ನ್ಯಾಯಾಲಯ, ಅದೂ ಶಿಕ್ಷೆ ವಿಧಿಸುವ ಮೊದಲು. ಪೆರೋಲ್ ಕೊಡುವುದು ಆಡಳಿತ, ಶಿಕ್ಷೆ ನಡೆಯುತ್ತಿರುವಾಗ. ಉದ್ದೇಶ, ಷರತ್ತು, ತೀರ್ಮಾನದ ರೀತಿ ಮೂರರಲ್ಲೂ ಕಾಣುವ ವ್ಯತ್ಯಾಸಕ್ಕೆ ಇದೇ ಮೂಲ.

ಭಾರತದಲ್ಲಿ ಪ್ರೊಬೇಷನ್‌ಗೆ ಆಧಾರ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ. ಮೊದಲ ಸಲ ತಪ್ಪು ಮಾಡಿದವನನ್ನು, ಅದರಲ್ಲೂ ಎಳೆಯ ವಯಸ್ಸಿನವನನ್ನು, ಪಳಗಿದ ಅಪರಾಧಿಗಳ ನಡುವೆ ಕೂಡಿಹಾಕಿದರೆ ಅವನು ಇನ್ನಷ್ಟು ಕೆಟ್ಟು ಹೊರಬರುವ ಅಪಾಯವಿದೆ ಎಂಬ ಅರಿವು ಈ ಕಾಯ್ದೆಯ ಹಿಂದಿದೆ. ಸಣ್ಣ ತಪ್ಪಾದರೆ ನ್ಯಾಯಾಧೀಶರು ಎಚ್ಚರಿಕೆ ಹೇಳಿಯೇ ಕಳಿಸಬಹುದು. ಅದಕ್ಕಿಂತ ದೊಡ್ಡದಾದರೆ ನಾಲ್ಕನೇ ಕಲಂ ಪ್ರಕಾರ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಈ ಸೌಲಭ್ಯ ಇಲ್ಲ.

ಇದು ನಡೆಯುವ ಬಗೆಯನ್ನು ಒಂದು ಕಲ್ಪಿತ ಪ್ರಕರಣದಲ್ಲಿ ನೋಡಬಹುದು. ಹಾಸನದ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ 20 ವರ್ಷದ ಯುವಕ 14 ಸಾವಿರ ರೂಪಾಯಿಯ ಮೊಬೈಲ್ ಕದ್ದು ಸಿಕ್ಕಿಬೀಳುತ್ತಾನೆ. ವಿಚಾರಣೆ ನಡೆದು ಕಳವು ಸಾಬೀತಾಗುತ್ತದೆ. ಈ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಅವನ ಮೇಲೆ ಹಿಂದಿನ ಪ್ರಕರಣಗಳಿಲ್ಲ. ಇಲ್ಲಿ ಕಾಯ್ದೆಯ ಆರನೇ ಕಲಂ ಮುಖ್ಯವಾಗುತ್ತದೆ. 21 ವರ್ಷ ತುಂಬದವನನ್ನು ಜೈಲಿಗೆ ಕಳಿಸುವ ಮೊದಲು ನ್ಯಾಯಾಲಯ ಪ್ರೊಬೇಷನ್ ಅಧಿಕಾರಿಯಿಂದ ವರದಿ ತರಿಸಿಕೊಳ್ಳಲೇಬೇಕು. ಜೈಲೇ ಸರಿ ಎಂದು ಅನಿಸಿದರೆ, ಪ್ರೊಬೇಷನ್ ಏಕೆ ಬೇಡ ಎಂಬುದಕ್ಕೆ ಕಾರಣ ಬರೆದಿಡಬೇಕು. ಅಂದರೆ ಈ ವಯಸ್ಸಿನವರಿಗೆ ಪ್ರೊಬೇಷನ್ನೇ ಸಾಮಾನ್ಯ ನಿಯಮ, ಜೈಲು ಅದಕ್ಕೆ ಅಪವಾದ. ವಯಸ್ಸನ್ನು ಲೆಕ್ಕ ಹಾಕುವುದು ಅಪರಾಧ ನಡೆದ ದಿನದಿಂದಲ್ಲ, ವಿಚಾರಣಾ ನ್ಯಾಯಾಲಯ ತೀರ್ಪು ಕೊಡುವ ದಿನದಿಂದ ಎಂದು ಸುಪ್ರೀಂ ಕೋರ್ಟ್ ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಹೇಳಿದೆ. ವಿಚಾರಣೆ ಎರಡು ವರ್ಷ ಎಳೆದರೆ ಈ ಯುವಕ ಆರನೇ ಕಲಮಿನ ರಕ್ಷಣೆಯಿಂದ ಹೊರಗುಳಿಯುತ್ತಾನೆ. ಆಗಲೂ ನಾಲ್ಕನೇ ಕಲಮಿನ ಬಾಗಿಲು ತೆರೆದೇ ಇರುತ್ತದೆ, ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು.

ಪ್ರೊಬೇಷನ್ ಅಧಿಕಾರಿ ಯುವಕನ ಮನೆಗೆ ಹೋಗುತ್ತಾರೆ. ತಂದೆತಾಯಿ, ಗ್ಯಾರೇಜಿನ ಮಾಲೀಕ, ಅಕ್ಕಪಕ್ಕದವರನ್ನು ಮಾತಾಡಿಸುತ್ತಾರೆ. ಅವನ ಓದು, ದುಡಿಮೆ, ಸಹವಾಸ, ಕುಡಿತದ ಚಟ, ಸಾಲಸೋಲ, ಕಳವಿಗೆ ಕಾರಣವಾದ ಸಂದರ್ಭ ಇವನ್ನೆಲ್ಲ ವರದಿಯಲ್ಲಿ ಬರೆಯುತ್ತಾರೆ. ವರದಿ ಗೋಪ್ಯ. ಆದರೂ ಅದರ ಸಾರಾಂಶವನ್ನು ನ್ಯಾಯಾಲಯ ಆರೋಪಿಗೆ ತಿಳಿಸಿ, ಅದರಲ್ಲಿನ ಸಂಗತಿಗಳ ಬಗ್ಗೆ ಸಾಕ್ಷ್ಯ ಒದಗಿಸಲು ಅವಕಾಶ ಕೊಡಬಹುದು. ನ್ಯಾಯಾಧೀಶರು ಅಪರಾಧದ ಸ್ವರೂಪ, ಅಪರಾಧಿಯ ನಡತೆ, ವರದಿಯ ಅಂಶ ಮೂರನ್ನೂ ತೂಗಿ ನೋಡುತ್ತಾರೆ. ಅಪರಾಧಿಗೆ ಇಲ್ಲವೇ ಅವನ ಜಾಮೀನುದಾರನಿಗೆ ಆ ಭಾಗದಲ್ಲಿ ಖಾಯಂ ವಾಸಸ್ಥಳವೋ ಕೆಲಸವೋ ಇರಬೇಕು. ಇವೆಲ್ಲ ಸರಿಯಿದ್ದರೆ ಯುವಕ ಎರಡು ವರ್ಷದ ಮುಚ್ಚಳಿಕೆ ಬರೆದುಕೊಡುತ್ತಾನೆ. ಕಾಯ್ದೆಯಂತೆ ಗರಿಷ್ಠ ಅವಧಿ ಮೂರು ವರ್ಷ. ಪರದೆ ಒಡೆದ ಮೊಬೈಲಿಗಾಗಿ ಅದರ ಮಾಲೀಕನಿಗೆ ಪರಿಹಾರ ಕೊಡುವಂತೆಯೂ ನ್ಯಾಯಾಲಯ ಆದೇಶಿಸಬಹುದು.

ಈ ಹಂತದಲ್ಲಿ ಅವನಿಗೆ ಇನ್ನೂ ಶಿಕ್ಷೆ ವಿಧಿಸಿಲ್ಲ, ಶಿಕ್ಷೆಯನ್ನು ತಡೆದಿಡಲಾಗಿದೆ ಅಷ್ಟೆ. ಕರೆದಾಗ ಬಂದು ಶಿಕ್ಷೆ ಸ್ವೀಕರಿಸುತ್ತೇನೆ, ಅಲ್ಲಿಯವರೆಗೆ ಶಾಂತಿಯಿಂದ, ಒಳ್ಳೆಯ ನಡತೆಯಿಂದ ಇರುತ್ತೇನೆ ಎಂಬುದೇ ಮುಚ್ಚಳಿಕೆಯ ತಿರುಳು. ಅಗತ್ಯವೆನಿಸಿದರೆ ನ್ಯಾಯಾಲಯ ಕನಿಷ್ಠ ಒಂದು ವರ್ಷ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇಡುತ್ತದೆ. ಎಲ್ಲಿ ವಾಸಿಸಬೇಕು, ಮಾದಕ ಪದಾರ್ಥಗಳಿಂದ ದೂರ ಇರಬೇಕು ಎಂಬಂಥ ಷರತ್ತುಗಳು ಆಗ ಸೇರುತ್ತವೆ. ಅಧಿಕಾರಿಯ ಕೆಲಸ ಬರೀ ಕಣ್ಣಿಡುವುದಲ್ಲ. ಕೆಲಸ ಹುಡುಕಿಕೊಳ್ಳಲು ನೆರವಾಗುವುದೂ ಅವರ ಹೊಣೆ. ಷರತ್ತು ಮುರಿದರೆ ನ್ಯಾಯಾಲಯ ಅವನನ್ನು ಮತ್ತೆ ಕರೆಸಿ, ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ಮೊದಲ ಸಲದ ಉಲ್ಲಂಘನೆಯಾದರೆ 50 ರೂಪಾಯಿವರೆಗೆ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲೂಬಹುದು.

ಪ್ರೊಬೇಷನ್‌ಗೂ ಮಿತಿಗಳಿವೆ. ಅಜಾಗರೂಕ ಚಾಲನೆಯಿಂದ ಸಾವು ಸಂಭವಿಸಿದ ಪ್ರಕರಣಗಳಲ್ಲಿ ಈ ಕಾಯ್ದೆಯ ಉದಾರತೆ ತೋರಬಾರದೆಂದು ಸುಪ್ರೀಂ ಕೋರ್ಟ್ 2000ದಲ್ಲಿ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಜೈಲಿಗೆ ಹೋಗುವ ಭಯ ಚಾಲಕರಲ್ಲಿ ಉಳಿಯಬೇಕೆಂಬುದು ಅದರ ನಿಲುವು. ಇನ್ನೊಂದು ತಪ್ಪು ಗ್ರಹಿಕೆ ನೌಕರಿಗೆ ಸಂಬಂಧಿಸಿದ್ದು. ಪ್ರೊಬೇಷನ್ ಮೇಲೆ ಬಿಟ್ಟವನಿಗೆ ಅಪರಾಧ ಸಾಬೀತಾದದ್ದರಿಂದ ಬರುವ ಕಾನೂನಾತ್ಮಕ ಅನರ್ಹತೆ ಅಂಟುವುದಿಲ್ಲ ಎಂದು 12ನೇ ಕಲಂ ಹೇಳುತ್ತದೆ. ಆದರೆ ಅಪರಾಧಿ ಎಂಬ ತೀರ್ಪು ಅಳಿಸಿಹೋಗುವುದಿಲ್ಲ. ಸರ್ಕಾರಿ ನೌಕರನೊಬ್ಬ ಪ್ರೊಬೇಷನ್ ಪಡೆದರೂ, ಆ ತೀರ್ಪಿಗೆ ಕಾರಣವಾದ ನಡತೆಗಾಗಿ ಇಲಾಖೆ ಅವನನ್ನು ಕೆಲಸದಿಂದ ತೆಗೆಯಬಹುದು ಎಂದು 1990ರಲ್ಲಿ ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಪೆರೋಲ್ ವಿಷಯದಲ್ಲಿ ಇಡೀ ದೇಶಕ್ಕೆ ಒಂದೇ ಕಾಯ್ದೆ ಇಲ್ಲ. ಸಂವಿಧಾನದಲ್ಲಿ ಕಾರಾಗೃಹ ರಾಜ್ಯಗಳ ವಿಷಯ. ಆದ್ದರಿಂದ ಒಂದೊಂದು ರಾಜ್ಯದ ನಿಯಮ ಒಂದೊಂದು ರೀತಿ. ಕರ್ನಾಟಕದಲ್ಲಿ 1963ರ ಕಾರಾಗೃಹ ಕಾಯ್ದೆ ಮತ್ತು 2021ರ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಕೈಪಿಡಿ ಇದಕ್ಕೆ ಆಧಾರ. ಪೆರೋಲ್ ಶಿಕ್ಷೆ ಅನುಭವಿಸುತ್ತಿರುವ ಸಜಾ ಕೈದಿಗಳಿಗೆ ಮಾತ್ರ. ವಿಚಾರಣಾಧೀನ ಕೈದಿಗಳು ಹೊರಬರಬೇಕಾದರೆ ಜಾಮೀನು ಕೇಳಬೇಕು.

ವರ್ಷಗಟ್ಟಲೆ ಒಳಗಿರುವವನ ಮನೆಯ ನಂಟು ಕಡಿಯದಂತೆ ನೋಡಿಕೊಳ್ಳುವುದು ಪೆರೋಲಿನ ಉದ್ದೇಶ. ತಾಯಿಯ ಶಸ್ತ್ರಚಿಕಿತ್ಸೆ, ಮಗಳ ಮದುವೆ, ಮನೆಯವರ ಸಾವು, ಬಿದ್ದ ಮನೆಯ ದುರಸ್ತಿ, ಬಿತ್ತನೆ ಇಂಥವು ಸಾಮಾನ್ಯ ಕಾರಣಗಳು. ಇದರ ಜೊತೆಗೆ ಕೇಳಿಬರುವ ಫರ್ಲೋ ಬೇರೆಯದು. ಅದು ದೀರ್ಘ ಶಿಕ್ಷೆಯ ಕೈದಿಗೆ, ಜೈಲಿನ ಏಕತಾನತೆ ಮುರಿಯಲೆಂದು, ಒಳ್ಳೆಯ ನಡತೆಯ ಆಧಾರದ ಮೇಲೆ ನಿಯತವಾಗಿ ಸಿಗುವ ರಜೆ. ಅದಕ್ಕೆ ವಿಶೇಷ ಕಾರಣ ಬೇಕಿಲ್ಲ. ಪೆರೋಲಿಗೆ ಕಾರಣ ಬೇಕೇ ಬೇಕು. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಅಸ್ಫಾಕ್ ಪ್ರಕರಣದಲ್ಲಿ ವಿವರವಾಗಿ ಬಿಡಿಸಿಟ್ಟಿದೆ.

ಪೆರೋಲ್ ಅರ್ಜಿ ಕಾರಾಗೃಹದ ಅಧೀಕ್ಷಕರಿಗೆ ಹೋಗುತ್ತದೆ. ವೈದ್ಯರ ಚೀಟಿ, ಲಗ್ನಪತ್ರಿಕೆ, ಪಹಣಿ ಹೀಗೆ ಕಾರಣ ತೋರಿಸುವ ದಾಖಲೆ ಜೊತೆಗಿರಬೇಕು. ಕೈದಿ ಎಷ್ಟು ಶಿಕ್ಷೆ ಅನುಭವಿಸಿದ್ದಾನೆ, ಒಳಗೆ ಅವನ ನಡತೆ ಹೇಗಿದೆ, ಹಿಂದೆ ಪೆರೋಲ್ ಮೇಲೆ ಹೋದಾಗ ಹೇಳಿದ ದಿನಕ್ಕೆ ಮರಳಿದ್ದನೇ ಎಂಬುದು ಜೈಲಿನ ದಾಖಲೆಯಲ್ಲೇ ಸಿಗುತ್ತದೆ. ಕೈದಿಯ ಊರಿನ ಸ್ಥಿತಿ ತಿಳಿಯಲು ಪೊಲೀಸ್ ವರದಿ ಕೇಳಲಾಗುತ್ತದೆ. ಅವನು ಬಂದರೆ ಊರಿನಲ್ಲಿ ಗಲಾಟೆಯಾದೀತೇ, ಕೊಲೆಯಾದವನ ಮನೆಯವರಿಗೆ ಬೆದರಿಕೆಯಾದೀತೇ, ತಪ್ಪಿಸಿಕೊಳ್ಳುವ ಸಂಭವ ಇದೆಯೇ ಎಂಬುದನ್ನು ಠಾಣೆಯವರು ವಿಚಾರಿಸಿ ಬರೆಯುತ್ತಾರೆ. ಬಹಳಷ್ಟು ಅರ್ಜಿಗಳು ಮುಗ್ಗರಿಸುವುದು ಈ ಹಂತದಲ್ಲೇ. ಆಧಾರ ಹೇಳದೆ 'ಶಾಂತಿಭಂಗವಾಗುವ ಸಂಭವವಿದೆ' ಎಂಬ ಒಂದು ಸಾಲು ಬಂದರೂ ಅರ್ಜಿ ತಿರಸ್ಕೃತವಾಗುವುದುಂಟು. ಇಲ್ಲವೇ ವರದಿ ಬರುವಷ್ಟರಲ್ಲಿ ಮದುವೆಯ ದಿನವೇ ದಾಟಿಹೋಗಿರುತ್ತದೆ.

ಆಗ ಉಳಿಯುವ ದಾರಿ ಹೈಕೋರ್ಟಿಗೆ ರಿಟ್ ಅರ್ಜಿ. ಕರ್ನಾಟಕ ಹೈಕೋರ್ಟ್ 2023ರಲ್ಲಿ ಕೇಳಿದ ಒಂದು ಪ್ರಕರಣ ಇದಕ್ಕೆ ಉದಾಹರಣೆ. ಕೊಲೆ ಪ್ರಕರಣದಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಕೈದಿಯ ಮದುವೆಗಾಗಿ ಅವನ ತಾಯಿ ಮತ್ತು ಮದುವೆಯಾಗಬೇಕಿದ್ದ ಯುವತಿ ಪೆರೋಲ್ ಕೋರಿದ್ದರು. ಕೈದಿಯ ಸ್ವಂತ ಮದುವೆಗೆ ಪೆರೋಲ್ ಕೊಡಲು ನಿಯಮದಲ್ಲಿ ಅವಕಾಶ ಇಲ್ಲ ಎಂಬುದು ಸರ್ಕಾರದ ವಾದ. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಇದನ್ನು ಅಸಾಧಾರಣ ಸಂದರ್ಭವೆಂದು ಪರಿಗಣಿಸಿ 15 ದಿನ ಬಿಡುಗಡೆಗೆ ಆದೇಶಿಸಿದರು. ಪೆರೋಲ್ ಯಾರೂ ಒತ್ತಾಯಿಸಿ ಪಡೆಯಬಹುದಾದ ಹಕ್ಕಲ್ಲ. ಆದರೆ ಅರ್ಜಿಯನ್ನು ನ್ಯಾಯವಾಗಿ ಪರಿಶೀಲಿಸಬೇಕೆಂದು ಕೇಳುವ ಅಧಿಕಾರ ಕೈದಿಗೆ ಇದೆ. ಅಪರಾಧ ಗಂಭೀರ ಎಂಬ ಒಂದೇ ಕಾರಣಕ್ಕೆ ಪೆರೋಲನ್ನು ಸಾರಾಸಗಟಾಗಿ ನಿರಾಕರಿಸಬಾರದು, ಸಮಾಜದ ಸುರಕ್ಷತೆಯನ್ನೂ ಕೈದಿಯ ಸುಧಾರಣೆಯನ್ನೂ ಒಟ್ಟಿಗೆ ತೂಗಬೇಕು ಎಂದು ಅಸ್ಫಾಕ್ ತೀರ್ಪು ಹೇಳುತ್ತದೆ.

ಪೆರೋಲಿನ ಷರತ್ತುಗಳು ಕೈದಿ ಮರಳಿ ಬರುವುದನ್ನು ಖಚಿತಪಡಿಸುವಂಥವು. ಜಾಮೀನುದಾರರ ಖಾತರಿ, ತಿಳಿಸಿದ ವಿಳಾಸದಲ್ಲೇ ವಾಸ, ಸ್ಥಳೀಯ ಠಾಣೆಯಲ್ಲಿ ಆಗಾಗ ಹಾಜರಿ, ಹೊಸ ಅಪರಾಧ ಮಾಡದಿರುವುದು, ಗೊತ್ತಾದ ದಿನ ಜೈಲಿನ ಬಾಗಿಲಿಗೆ ಬಂದು ಶರಣಾಗುವುದು ಇವುಗಳಲ್ಲಿ ಮುಖ್ಯ. ದಿನ ಮೀರಿದರೆ ಪೊಲೀಸರು ಹಿಡಿದು ತರುತ್ತಾರೆ, ಗಳಿಸಿದ ಶಿಕ್ಷಾ ಮಾಫಿಗೆ ಕುತ್ತು ಬರುತ್ತದೆ, ಮುಂದಿನ ಪೆರೋಲ್ ಕಷ್ಟವಾಗುತ್ತದೆ. ಹೊರಗಿದ್ದ ದಿನಗಳ ಲೆಕ್ಕವೂ ಕೈದಿಯ ಮನೆಯವರು ತಿಳಿದಿರಬೇಕಾದ ವಿಷಯ. ಗೋವಾದ ಕೈದಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ, ಅವಧಿಪೂರ್ವ ಬಿಡುಗಡೆಗೆ ಬೇಕಾದ 14 ವರ್ಷಗಳ ವಾಸ್ತವ ಸೆರೆವಾಸದಲ್ಲಿ ಪೆರೋಲ್ ದಿನಗಳನ್ನು ಸೇರಿಸುವಂತಿಲ್ಲ ಎಂದಿತು. ಪ್ರಭಾವಿ ಕೈದಿಗಳು ಪದೇ ಪದೇ ಪೆರೋಲ್ ಪಡೆದು ಶಿಕ್ಷೆಯ ಅರ್ಥವನ್ನೇ ಕೆಡಿಸಬಾರದು ಎಂಬ ಆತಂಕ ಇದರ ಹಿಂದಿದೆ.

ಅವಧಿಪೂರ್ವ ಬಿಡುಗಡೆ ಇವೆರಡಕ್ಕಿಂತ ಬೇರೆ. ಅದರಲ್ಲಿ ಸರ್ಕಾರ ಉಳಿದ ಶಿಕ್ಷೆಯನ್ನೇ ಮಾಫಿ ಮಾಡುತ್ತದೆ, ಕೈದಿ ಮತ್ತೆ ಒಳಗೆ ಹೋಗಬೇಕಿಲ್ಲ. ಅಮೆರಿಕದ ಸುದ್ದಿಗಳಲ್ಲಿ ಪೆರೋಲ್ ಎಂದರೆ ಹೆಚ್ಚಾಗಿ ಇಂಥ ಬಿಡುಗಡೆಯೇ: ಶಿಕ್ಷೆ ಮುಗಿಯುವ ಮೊದಲೇ ಪೆರೋಲ್ ಮಂಡಳಿ ಕೈದಿಯನ್ನು ಬಿಡುತ್ತದೆ, ಉಳಿದ ಅವಧಿಯನ್ನು ಅವನು ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಹೊರಗೆ ಕಳೆಯುತ್ತಾನೆ. ಭಾರತದ ಪೆರೋಲ್ ಹಾಗಲ್ಲ, ಅದು ಮರಳಿ ಹೋಗಲೇಬೇಕಾದ ತಾತ್ಕಾಲಿಕ ಬಿಡುಗಡೆ. ಆದ್ದರಿಂದ ಪೆರೋಲ್ ತೀರ್ಮಾನಿಸುವಾಗ ಅಧಿಕಾರಿಗಳು ಕೇಳುವುದು, ಕಾರಣ ನಿಜವೇ, ಹೋದವನು ಹೇಳಿದ ದಿನಕ್ಕೆ ಬರುತ್ತಾನೆಯೇ ಎಂಬುದನ್ನು. ಪ್ರೊಬೇಷನ್ ತೀರ್ಮಾನಿಸುವಾಗ ನ್ಯಾಯಾಧೀಶರು ಕೇಳುವುದು, ಜೈಲಿಗೆ ಹೋಗದೆಯೇ ಈ ವ್ಯಕ್ತಿ ತಿದ್ದಿಕೊಳ್ಳಬಲ್ಲನೇ ಎಂಬುದನ್ನು. ಪ್ರೊಬೇಷನ್ ನಿರಾಕರಿಸಿದರೆ ಅಪರಾಧಿ ಮೇಲ್ಮನವಿಯಲ್ಲಿ ಅದನ್ನು ಮತ್ತೆ ಕೇಳಬಹುದು, ಮೇಲಿನ ನ್ಯಾಯಾಲಯವೇ ಕೊಡಲೂಬಹುದು. ಪೆರೋಲ್ ನಿರಾಕರಿಸಿದರೆ ಹಿಂಬರಹದ ಪ್ರತಿಯನ್ನು ಪಡೆದು ಹೈಕೋರ್ಟಿಗೆ ಹೋಗಬೇಕು. ವಕೀಲರನ್ನು ಇಟ್ಟುಕೊಳ್ಳಲು ಶಕ್ತಿ ಇಲ್ಲದ ಕೈದಿಗೆ ಈ ಎರಡು ಸಂದರ್ಭಗಳಲ್ಲೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.